14ನೇ ವಾರ್ಡಿನ ಸಭೆಯಲ್ಲಿ ಅಭ್ಯರ್ಥಿಯ ಮಾತು

ಎಲ್ಲರಿಗೂ ನಮಸ್ಕಾರ. ಹುಡುಗರೇ, ಸ್ವಲ್ಪ ಎದ್ದು ಹಿರಿಯರಿಗೆ ಕುರ್ಚಿ ಬಿಟ್ಟುಕೊಡಿ. ಹತ್ತು ನಿಮಿಷ ಮಾತಾಡ್ತೀನಿ, ಆಮೇಲೆ ಮೈಕು ನಿಮ್ಮ ಕೈಗೆ.

ಒಂದು ವಿಷಯ ಮೊದಲೇ ಬಿಡಿಸಿ ಹೇಳಿಬಿಡ್ತೀನಿ. ನಗರಸಭೆ ಸದಸ್ಯನ ಕೈಲಿ ಚೆಕ್ ಬುಕ್ ಇರಲ್ಲ. ಎಸ್ಟಿಮೇಟ್ ಹಾಕೋರು ಎಂಜಿನಿಯರು, ಬಿಲ್ ಪಾಸ್ ಆಗೋದು ಪೌರಾಯುಕ್ತರ ಕಚೇರೀಲಿ. ಸದಸ್ಯನಿಗಿರೋದು ಸಾಮಾನ್ಯ ಸಭೆಯಲ್ಲಿ ಒಂದು ಓಟು, ಮತ್ತೆ ಕೇಳೋಕೆ ಒಂದು ಬಾಯಿ. ಪಿಂಚಣಿ ತಾಲ್ಲೂಕು ಕಚೇರಿ ಕೆಲಸ, ರೇಷನ್ ಕಾರ್ಡ್ ಆಹಾರ ಇಲಾಖೆ ಕೆಲಸ. ಅರ್ಜಿ ತುಂಬಿಸಿಕೊಡ್ತೀನಿ, ಜೊತೆಗೆ ಬರ್ತೀನಿ. ಕೊಡಿಸೇ ಕೊಡಿಸ್ತೀನಿ ಅಂತ ಮಾತ್ರ ಹೇಳಲ್ಲ, ಹಾಗೆ ಹೇಳೋರನ್ನ ನೀವೂ ನಂಬಬೇಡಿ.

ಈಗ 3ನೇ ಅಡ್ಡರಸ್ತೆ ಚರಂಡಿಗೆ ಬರ್ತೀನಿ. ಅರ್ಧ ಗಂಟೆ ಮಳೆ ಬಂದ್ರೆ ಕೆಳಗಿನ ಎಂಟು ಮನೆ ಹೊಸ್ತಿಲು ದಾಟಿ ನೀರು ಒಳಗೆ. ಪ್ರತಿ ಸಲ ಹೂಳು ತೆಗೀತಾರೆ, ಪ್ರತಿ ಸಲ ನುಗ್ಗುತ್ತೆ. ಯಾಕೆ ಅಂದ್ರೆ ತೊಂದರೆ ಇರೋದು ಬರೀ ಹೂಳಿಂದಲ್ಲ, ಮೋರಿಯಿಂದ. ಮುಖ್ಯರಸ್ತೆ ಅಡಿ ಹಾಕಿರೋ ಪೈಪು ಒಂದು ಅಡಿ ಅಗಲ, ಅದಕ್ಕೆ ಬಂದು ಸೇರೋ ಚರಂಡಿ ಒಂದೂವರೆ ಅಡಿ. ಅದೂ ಸಾಲದು ಅಂತ ಪೈಪಿನ ತಳ ಚರಂಡಿ ತಳಕ್ಕಿಂತ ನಾಲ್ಕು ಇಂಚು ಮೇಲಿದೆ. ಮೇಸ್ತ್ರಿಗಳು ಮಟ್ಟ ನೋಡೋ ನೀರಿನ ಟ್ಯೂಬ್ ಹಿಡಿದು ಅಳೆದು ನೋಡಿದ್ದೀವಿ, ಅನುಮಾನ ಇದ್ದೋರು ನಾಳೆ ಬೆಳಗ್ಗೆ ಬನ್ನಿ, ಮತ್ತೆ ಅಳೆಯೋಣ. ನಾಲ್ಕು ಇಂಚು ನೀರು ಅಲ್ಲೇ ನಿಲ್ಲುತ್ತೆ, ಮಣ್ಣು ತಳಕ್ಕೆ ಕೂರುತ್ತೆ, ಪ್ಲಾಸ್ಟಿಕ್ ಬಾಯಿಗೆ ಸಿಗಾಕೊಳ್ಳುತ್ತೆ. ತೆಗೆದ ಹೂಳನ್ನ ದಡದ ಮೇಲೇ ಸುರಿದು ಹೋಗ್ತಾರೆ, ಮುಂದಿನ ಮಳೆಗೆ ಅದು ವಾಪಸ್ ಒಳಗೆ.

ಇದಕ್ಕೆ ಬೇಕಿರೋದು ಎರಡು ಅಡಿ ಅಗಲದ ಕಾಂಕ್ರೀಟ್ ಬಾಕ್ಸ್ ಮೋರಿ, ತಳ ಚರಂಡಿ ಮಟ್ಟಕ್ಕೇ ಇರಬೇಕು. ಮೇಲಿಂದ ಕೆಳಗೆ ಚರಂಡಿ ಇಳಿಜಾರು 100 ಮೀಟರಿಗೆ ಅರ್ಧ ಮೀಟರಾದ್ರೂ ಇಟ್ಟರೆ ಮಣ್ಣು ನಿಲ್ಲದೆ ನೀರಿನ ಜೊತೆ ಹೋಗುತ್ತೆ. ಮೇಲೆ ಮುಚ್ಚೋ ಸ್ಲ್ಯಾಬ್ ಒಬ್ಬರಿಬ್ಬರು ಎತ್ತೋ ಹಾಗೆ ಎರಡೆರಡು ಅಡಿದು ಆಗಬೇಕು, ಕೊಕ್ಕೆ ಸಮೇತ. ಉದ್ದುದ್ದ ಸ್ಲ್ಯಾಬ್ ಹಾಕಿ ಸಿಮೆಂಟ್ ಬಳಿದು ಬಿಟ್ಟರೆ ಮುಂದೆ ಯಾರೂ ಅದನ್ನ ಎತ್ತಲ್ಲ, ಹೂಳು ಒಳಗೇ ಗಟ್ಟಿ.

ಈ ಮೋರಿ ಈ ಮಳೆಗಾಲಕ್ಕೆ ಮುಗಿಯಲ್ಲ. ಎಸ್ಟಿಮೇಟ್, ಮಂಜೂರಾತಿ, ಟೆಂಡರ್ ಎಲ್ಲ ದಾಟಬೇಕು, ರಸ್ತೆ ಅಗೆಯೋಕೆ ಅನುಮತಿ ಬೇರೆ. ಈ ಮಳೆಗಾಲಕ್ಕೆ ನಾನು ಒಪ್ಪಿಕೊಳ್ಳೋದು ಇಷ್ಟು: ಮೇ ತಿಂಗಳೊಳಗೆ ಹೂಳು ತೆಗೆಸಿ, ತೆಗೆದ ಹೂಳು 48 ಗಂಟೆ ಒಳಗೆ ಟ್ರ್ಯಾಕ್ಟರಿನಲ್ಲಿ ಎತ್ತಿಸೋದು, ಮೋರಿ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸೋದು. ಮಳೆ ಬಂದ ದಿನ ಆ ಜಾಲರಿಗೆ ಸಿಕ್ಕಿದ ಕಸ ತೆಗೆಯೋಕೆ ಒಬ್ಬರನ್ನ ಗೊತ್ತು ಮಾಡಿಸಬೇಕು, ಇಲ್ಲಾಂದ್ರೆ ಜಾಲರಿನೇ ಅಣೆಕಟ್ಟಾಗುತ್ತೆ.

ಅದೇ ಚರಂಡಿ ಒಳಗೆ ಕುಡಿಯೋ ನೀರಿನ ಪೈಪು ಹಾದು ಹೋಗಿದೆ. ಅಮ್ಮಂದಿರು ಹೇಳ್ತಾರಲ್ಲ, ನೀರು ಬಿಟ್ಟಾಗ ಮೊದಲ ನಾಲ್ಕು ಕೊಡ ನಾತ ಅಂತ, ಅದು ಇದರಿಂದಲೇ ಅಂತ ನನ್ನ ಅಂದಾಜು. ನೀರು ಬಿಡೋದು ಎರಡು ದಿನಕ್ಕೊಮ್ಮೆ. ಬಿಡದ ಹೊತ್ತಲ್ಲಿ ಪೈಪ್ ಖಾಲಿ, ಜಾಯಿಂಟ್ ಸಡಿಲ ಇದ್ರೆ ಸುತ್ತಲಿನ ಕೊಳಚೆ ನೀರನ್ನ ಅದೇ ಒಳಗೆ ಎಳ್ಕೊಳ್ಳುತ್ತೆ. ಕ್ಲೋರಿನ್ ಹೆಚ್ಚಿಗೆ ಹಾಕಿದ್ರೆ ವಾಸನೆ ಮುಚ್ಚಬಹುದು, ತೂತು ಮುಚ್ಚಲ್ಲ. ಆ ತುಂಡು ಪೈಪನ್ನ ಚರಂಡಿಯಿಂದ ಎತ್ತಿಸಿ, ದಾಟೋ ಜಾಗದಲ್ಲಿ ಹೊರಗಿಂದ ಇನ್ನೊಂದು ದಪ್ಪ ಪೈಪ್ ತೊಡಿಸಬೇಕು. ದೊಡ್ಡ ಕಾಮಗಾರಿ ಅಲ್ಲ. ಗೆದ್ದರೆ ನನ್ನ ಮೊದಲ ಅರ್ಜಿ ಇದೇ.

ನೀರಿನ ಬಗ್ಗೆ ಇನ್ನೊಂದು ಮಾತು, ಕೆಲವರಿಗೆ ರುಚಿಸಲ್ಲ. ಮೇಲಿನ ಬೀದಿಗೆ ನೀರು ಏರದೆ ಇರೋಕೆ ನೀರುಗಂಟಿ ಒಬ್ಬರೇ ಕಾರಣ ಅಲ್ಲ. ಕೆಳಗಿನ ಬೀದೀಲಿ ನಲ್ಲಿಗೇ ನೇರ ಮೋಟರ್ ಕೊಟ್ಟು ಎಳೀತಿದ್ದಾರೆ. ಸಂಪಿಗೆ ನೀರು ಬಿದ್ದ ಮೇಲೆ ಮೋಟರ್ ಹಾಕಿ, ಯಾರ ತಕರಾರೂ ಇಲ್ಲ. ಲೈನಿಗೇ ಹಾಕಿದ್ರೆ ಪಕ್ಕದವರ ಪಾಲು ಎಳೆದ ಹಾಗೆ. ಅಂಥ ಮೋಟರ್ ಬಿಚ್ಚಿಸೋಕೆ ಬಂದಾಗ ನನಗೆ ಫೋನ್ ಮಾಡಿ ಬಿಡಿಸಿ ಅಂದ್ರೆ ಬಿಡಿಸಲ್ಲ. ಓಟು ನಾಲ್ಕು ಕಮ್ಮಿಯಾದ್ರೂ ಸರಿ. ಯಾವ ಬೀದಿಗೆ ಯಾವ ದಿನ ಎಷ್ಟು ಗಂಟೆಗೆ ನೀರು ಅನ್ನೋದನ್ನ ಅಂಗನವಾಡಿ ಗೋಡೆ ಮೇಲೆ ಬರೆಸ್ತೀನಿ.

ಬೀದಿದೀಪ: ನಮ್ಮ ವಾರ್ಡಲ್ಲಿ 38 ಕಂಬ, ಮೊನ್ನೆ ರಾತ್ರಿ ಎಣಿಸಿದಾಗ 11 ಉರೀತಿರಲಿಲ್ಲ. ದೂರು ಕೊಟ್ಟರೂ ಲೈನ್‌ಮನ್ ಬಂದು ಬೇರೆ ಕಂಬ ನೋಡಿ ಹೋಗ್ತಾರೆ, ಏಕೆಂದ್ರೆ ಕಂಬಕ್ಕೆ ನಂಬರ್ ಇಲ್ಲ. ಬಣ್ಣದಲ್ಲಿ ನಂಬರ್ ಬರೆಸೋದು ಒಂದು ದಿನದ ಕೆಲಸ, ಅದನ್ನ ಮೊದಲು ಮಾಡಿಸ್ತೀನಿ. ಆಮೇಲೆ ನೀವು "22ನೇ ಕಂಬ" ಅಂದ್ರೆ ಸಾಕು.

ಕಸಕ್ಕೆ ಬೈಯೋದು ಸುಲಭ. ಗಾಡಿ ಬರೋದು ಬೆಳಗ್ಗೆ 10ಕ್ಕೆ, ಗಂಡ ಹೆಂಡತಿ ಇಬ್ಬರೂ ದುಡಿಯೋ ಮನೆಯವರು 8ಕ್ಕೇ ಬೀಗ ಹಾಕಿ ಹೊರಟಿರ್ತಾರೆ. ಆ ಕವರ್ ಎಲ್ಲಿಗೆ ಹೋಗುತ್ತೆ? ಟ್ರಾನ್ಸ್‌ಫಾರ್ಮರ್ ಬುಡಕ್ಕೆ. ಆ ಮೂಲೆಗೆ ರಂಗೋಲಿ ಹಾಕಿಸಿ, ಬೋರ್ಡ್ ನೆಡಿಸಿ, ಎಲ್ಲ ಆಯ್ತು. ಗಾಡಿ ಹೊತ್ತು ಬದಲಾಗಬೇಕು: 6:30ಕ್ಕೆ ನಮ್ಮ ವಾರ್ಡಿಂದ ಶುರು ಮಾಡಿ ಅಂತ ಕೇಳ್ತೀನಿ, ಆಗದಿದ್ರೆ ವಾರಕ್ಕೆ ಮೂರು ಸಂಜೆ ಇನ್ನೊಂದು ಸುತ್ತು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡೋದು ನಿಮ್ಮ ಜವಾಬ್ದಾರಿ, ಅದನ್ನ ಗಾಡಿಯಲ್ಲಿ ಮತ್ತೆ ಒಟ್ಟಿಗೆ ಸುರಿಯದ ಹಾಗೆ ನೋಡೋದು ನನ್ನದು.

ಯಾವ ಕಾಮಗಾರಿ ನಡೆದರೂ ಜಾಗದಲ್ಲಿ ಫಲಕ ಇರಲಿ: ಮೊತ್ತ, ಗುತ್ತಿಗೆದಾರರ ಹೆಸರು, ಶುರು, ಮುಗಿಯೋ ದಿನ, ಕೆಟ್ಟರೆ ಎಷ್ಟು ದಿನ ಅವರೇ ರಿಪೇರಿ ಮಾಡಬೇಕು ಅನ್ನೋದು. ಕಾಂಕ್ರೀಟ್ ಹಾಕಿದ ಮೇಲೆ ನೀರು ಉಣಿಸ್ತಿದ್ದಾರಾ ನೀವೂ ನೋಡಿ. ಹಾಕಿದ ಮಾರನೇ ದಿನದಿಂದ ಗೋಣಿಚೀಲ ಒದ್ದೆ ಇರಬೇಕು, ಒಂದು ವಾರವಾದ್ರೂ. ಒಣ ಬಿಟ್ಟ ಕಾಂಕ್ರೀಟ್ ಆರು ತಿಂಗಳಿಗೇ ಪುಡಿ ಉದುರುತ್ತೆ, ಆಗ ಮರಳು ಸರಿ ಇಲ್ಲ ಅಂತ ಜಗಳ. ಬಿಲ್ಲಿನ ಅಳತೆ ಪುಸ್ತಕದ ನಕಲು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದ್ರೂ ಕೇಳಬಹುದು, ಉತ್ತರಕ್ಕೆ 30 ದಿನದ ಗಡುವು. ಅದರಲ್ಲಿ ಬರೆದ ಉದ್ದ ಅಗಲಕ್ಕೂ ನೆಲದ ಮೇಲಿರೋದಕ್ಕೂ ಟೇಪ್ ಹಿಡಿದು ತಾಳೆ ನೋಡಿ. ಅರ್ಜಿ ಬರೆಯೋಕೆ ನಾನೇ ಕೂತ್ಕೊಳ್ತೀನಿ.

ಪ್ರತಿ ತಿಂಗಳ 2ನೇ ಭಾನುವಾರ ಬೆಳಗ್ಗೆ 10ಕ್ಕೆ ಅಂಗನವಾಡಿ ಮುಂದೆ ಸಿಗ್ತೀನಿ, ಕೈಲಿ ಒಂದು ರಿಜಿಸ್ಟರ್ ಇರುತ್ತೆ: ದೂರು, ದಿನಾಂಕ, ಯಾರ ಹತ್ರ ಹೋಯ್ತು, ಏನಾಯ್ತು. ಆಗದೇ ಇರೋದನ್ನೂ ಬರೀತೀನಿ, ಯಾಕಾಗಲಿಲ್ಲ ಅಂತ.

ನನ್ನ ಗುರುತು ಹೊಲಿಗೆ ಯಂತ್ರ, ಮತಯಂತ್ರದಲ್ಲಿ ಮೇಲಿಂದ ನಾಲ್ಕನೆಯದು. ಈಗ ಮೈಕು ಹಿಂದಕ್ಕೆ ಕೊಡ್ರಪ್ಪ. 3ನೇ ಅಡ್ಡರಸ್ತೆಯವರಿಂದ ಶುರುವಾಗಲಿ, ಮಳೆಗೆ ಮೊದಲು ನೆನೆಯೋರು ಅವರೇ.