ಆಗುಂಬೆಗೆ ಬಂದ ಮಳೆ ಶಿವಮೊಗ್ಗಕ್ಕೆ ಯಾಕೆ ಬರಲ್ಲ? – 9ನೇ ತರಗತಿ, ಮಳೆ ರಜೆ ದಿನದ ಆನ್‌ಲೈನ್ ಪಾಠದ ಯೋಜನೆ

ತರಗತಿ: 9, ತೀರ್ಥಹಳ್ಳಿ ತಾಲ್ಲೂಕು. ಮಕ್ಕಳು 28, ಫೋನು 21. ಉಳಿದ 7 ಜನ ಪಕ್ಕದ ಮನೆಯ ಜಗಲಿಯಲ್ಲಿ ಇನ್ನೊಬ್ಬರ ಜೊತೆ ಕೂತು ಕೇಳುತ್ತಾರೆ.
ವೇಳೆ: ಬೆಳಿಗ್ಗೆ 10:00ರಿಂದ 10:35, ಮತ್ತೆ 10:45ರಿಂದ 11:20. ನಮ್ಮದು ದುಡ್ಡು ಕೊಡದ ಝೂಮ್ ಖಾತೆ, 40 ನಿಮಿಷಕ್ಕೆ ತಾನೇ ಮುಗಿದುಬಿಡುತ್ತದೆ. ಅದು ಮುಗಿಸುವ ಮೊದಲೇ ನಾವು ಮುಗಿಸೋಣ. ನಡುವಿನ ಹತ್ತು ನಿಮಿಷದಲ್ಲಿ ಮಕ್ಕಳು ಫೋನನ್ನು ಚಾರ್ಜಿಗೆ ಹಾಕಲಿ, ಕರೆಂಟ್ ಇದ್ದರೆ.
ಪಾಠ ಮಾಡುವವನು ನಾನು. ಚಾಟ್, ಗುಂಪು ಕೋಣೆ, ಹಾಜರಿ ಮೂರನ್ನೂ ಗಣಿತದ ಮೇಡಂ ನೋಡಿಕೊಳ್ಳುತ್ತಾರೆ. ಮೇಡಂ, ಈ ಹಾಳೆ ಮುಖ್ಯವಾಗಿ ನಿಮಗೇ ಬರೆದದ್ದು.

ಹಿಂದಿನ ದಿನ ಸಂಜೆ ವಾಟ್ಸಾಪ್ ಗುಂಪಿಗೆ ಹಾಕುವ ಸಂದೇಶ

"ಮಕ್ಕಳೇ, ನಾಳೆಯೂ ರಜೆ ಘೋಷಣೆಯಾಗಿದೆ. ಆದರೆ 10 ಗಂಟೆಗೆ ಪಾಠ ಇದೆ. ಬಾಯಿಯೂ ತಳವೂ ಒಂದೇ ಅಗಲ ಇರುವ ಒಂದು ಡಬ್ಬಿ ಹುಡುಕಿ. ಬಿಸ್ಕತ್ತಿನ ಡಬ್ಬಿಯೋ ಪೇಂಟಿನ ಡಬ್ಬಿಯೋ ಆಗಬಹುದು. ಬಕೆಟ್ ಬೇಡ, ಕತ್ತು ಸಣ್ಣಗಿರುವ ಬಾಟಲಿಯೂ ಬೇಡ. ಅಂಗಳದ ನಡುವೆ ಇಟ್ಟು, ಉರುಳದಂತೆ ಸುತ್ತ ಕಲ್ಲು ಒತ್ತಿ. ಬೆಳಿಗ್ಗೆ 8:30ಕ್ಕೆ ಸರಿಯಾಗಿ ಸ್ಕೇಲ್ ಇಳಿಸಿ, ಎಷ್ಟು ಮಿಲಿಮೀಟರ್ ನೀರು ನಿಂತಿದೆ ನೋಡಿ ಶೀಟ್‌ನಲ್ಲಿ ನಿಮ್ಮ ಕ್ರಮಸಂಖ್ಯೆಯ ಮುಂದೆ ಬರೆಯಿರಿ. ಡಬ್ಬಿ ಎಲ್ಲಿ ಇಟ್ಟಿದ್ದಿರಿ ಅಂತಲೂ ಬರೆಯಿರಿ."

8:30 ಯಾಕೆ ಅಂತ ಯಾರಾದರೂ ಕೇಳಿದರೆ: ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕವೂ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗಿನದು.

ಶೀಟ್

ಅಂಕಣ A ಕ್ರಮಸಂಖ್ಯೆ, B ಊರು, C ಮಳೆ ಮಿಮೀ, D ಡಬ್ಬಿ ಇಟ್ಟ ಜಾಗ. 28 ಸಾಲು, ಹೆಸರು ಬೇಡ. ಮೊದಲ ಸಾಲನ್ನೂ A ಅಂಕಣವನ್ನೂ ಬೀಗ ಹಾಕಿಟ್ಟಿದ್ದೇನೆ. ಹೋದ ಸಲ ಯಾವನೋ ಪುಣ್ಯಾತ್ಮ ಎಲ್ಲವನ್ನೂ ಆಯ್ಕೆ ಮಾಡಿ ಅಳಿಸಿದ್ದ, ಪಾಠ ನಿಂತೇಹೋಯಿತು. ಈ ಸಲ ಹಾಗಾದರೆ `Version history` ತೆರೆದು ಐದು ನಿಮಿಷ ಹಿಂದಿನದನ್ನು ವಾಪಸ್ ತನ್ನಿ, ಯಾರು ಮಾಡಿದ್ದು ಅಂತ ವಿಚಾರಣೆ ಬೇಡ. ಐದು ಗುಂಪಿಗೂ ಒಂದೊಂದು ಪುಟ ಇದೆ: ತುಂಗಾ, ಭದ್ರಾ, ಶರಾವತಿ, ವರದಾ, ಕುಮುದ್ವತಿ. "ಅಭ್ಯಾಸ" ಅನ್ನುವ ಪುಟದಲ್ಲಿ ನಾನೇ ಕಟ್ಟಿದ ಐದು ಅಂಕಿ ಇವೆ: 62, 58, 65, 60, 310.

10:00 – ಸೇರುವುದು, ಮೊದಲ ಗಮನ ಪರೀಕ್ಷೆ

ಗಮನ ಪರೀಕ್ಷೆ ಬಗ್ಗೆ ಒಂದು ಮಾತು. "ಕೇಳಿಸ್ತಾ ಇದೆಯಾ?" ಅಂದರೆ ಮಲಗಿದ್ದವನೂ "ಹೂಂ ಸರ್" ಅನ್ನುತ್ತಾನೆ. ಕ್ಯಾಮೆರಾ ಹಾಕಿ ಅನ್ನುವುದೂ ಬೇಡ: ಡೇಟಾ ಸುಡುತ್ತದೆ, ಹಿಂದೆ ಮನೆಯವರು ಓಡಾಡುತ್ತಿರುತ್ತಾರೆ, ಕೆಲವರಿಗೆ ಸಂಕೋಚ. ಹಿಂದಿನ ಎರಡು ನಿಮಿಷ ಕೇಳಿದ್ದರೆ ಮಾತ್ರ ಉತ್ತರ ಬರುವಂಥ ಪ್ರಶ್ನೆ ಇರಬೇಕು, ಉತ್ತರ ಒಂದು ಪದವೋ ಒಂದು ಅಂಕಿಯೋ ಆಗಿರಬೇಕು. ಸುಮಾರು ಏಳೆಂಟು ನಿಮಿಷಕ್ಕೊಮ್ಮೆ. ಉತ್ತರ ಬಾರದ ಕ್ರಮಸಂಖ್ಯೆಯ ಪಕ್ಕ ಮೇಡಂ ಚುಕ್ಕೆ ಇಡಲಿ. ಒಂದು ಚುಕ್ಕೆ ಲೆಕ್ಕಕ್ಕಿಲ್ಲ. ಸತತ ಎರಡು ಬಿದ್ದರೆ ಆ ಮಗುವಿಗೆ ಮಾತ್ರ ಚಾಟ್‌ನಲ್ಲಿ "ಸಿಗ್ನಲ್ ಹೋಯ್ತಾ, ಪಾಠ ತಪ್ತಾ?" ಅಂತ ಕೇಳಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಸಿಗ್ನಲ್ ಹೋಗಿದೆ ಅಂತಲೇ ತಿಳಿಯೋಣ. ಎಲ್ಲರ ಎದುರು ಹೆಸರು ಕೂಗುವುದಿಲ್ಲ. ಗುಡ್ಡ ಹತ್ತಿ ಕೊಪ್ಪೆ ಹೊದ್ದು ಕೂತವನನ್ನು "ನಿದ್ದೆಯೇನೋ?" ಅಂತ ನಾನೇ ಒಮ್ಮೆ ಕೇಳಿ ನಾಚಿಕೆಪಟ್ಟಿದ್ದೇನೆ.

ಪರೀಕ್ಷೆ 1: "ಈಗ ನಿಮ್ಮ ಕಿವಿಗೆ ಬೀಳುತ್ತಿರುವ, ನನ್ನದಲ್ಲದ ಒಂದು ಸದ್ದು. ಒಂದೇ ಪದ, ಟೈಪ್ ಮಾಡಿ." ಹಂಚಿನ ಮೇಲಿನ ಮಳೆ, ಮಿಕ್ಸಿ, ದನ, ಏನು ಬಂದರೂ ಸರಿ. ಯಾರಿಗೆ ಕನ್ನಡ ಟೈಪಿಂಗ್ ಬರುತ್ತದೆ ಅಂತಲೂ ಗೊತ್ತಾಗುತ್ತದೆ. ಅವರೇ ಗುಂಪಿನಲ್ಲಿ ಬರೆಯುವವರು.

10:05 – 310 ಎಲ್ಲಿಂದ ಬಂತು?

ಪರದೆಯಲ್ಲಿ "ಅಭ್ಯಾಸ" ಪುಟ. ನಾನು ಹೇಳುವುದು: "ಒಂದೇ ಊರಿನ ಐದು ಮನೆ. ನಾಲ್ಕರಲ್ಲಿ ಅರವತ್ತರ ಆಸುಪಾಸು, ಒಂದರಲ್ಲಿ 310. ಆ ಒಂದು ಮನೆ ಮೇಲೆ ಮಾತ್ರ ಮೋಡ ಒಡೀತಾ?" ಸುಮ್ಮನೆ ಕಾಯುವುದು. ಹದಿನೈದು ಸೆಕೆಂಡ್ ಮೌನ ನನಗೇ ಕಷ್ಟ, ಆದರೂ ಬಾಯಿ ಬಿಡಬಾರದು.

ಉತ್ತರ: ಡಬ್ಬಿ ಸೂರಿನ ಕೆಳಗಿತ್ತು. ಮಾಡಿನ ಒಂದಿಡೀ ಇಳಿಜಾರಿನ ನೀರು ಆ ಒಂದು ಡಬ್ಬಿಗೆ ಬಿತ್ತು. ಅಡಿಕೆ ಮರದ ಬುಡದಲ್ಲಿಟ್ಟರೂ ಕಾಂಡದಿಂದ ಇಳಿದ ನೀರು ಸೇರಿ ಲೆಕ್ಕ ಕೆಡುತ್ತದೆ. ಆಮೇಲೆ ಶೀಟ್‌ನ ಎರಡು ಖಾಲಿ ಚೌಕದಲ್ಲಿ ಇವನ್ನು ಹಾಕಿ ತೋರಿಸುವುದು:

```
=AVERAGE(C2:C6)
=MEDIAN(C2:C6)
```

ಮೊದಲನೆಯದು 111 ಕೊಡುತ್ತದೆ, ಎರಡನೆಯದು 62. "111 ಮಿಮೀ ಮಳೆ ಆ ಊರಿನ ಯಾವ ಮನೆಯಲ್ಲೂ ಬಿದ್ದಿಲ್ಲ" ಅನ್ನುವಷ್ಟು ಸಾಕು. ಸರಾಸರಿ–ಮಧ್ಯಾಂಕದ ಪೂರ್ತಿ ಪಾಠ ಮೇಡಂ ಅವರದ್ದು, ನಾನು ಅಲ್ಲಿ ಕಾಲಿಡುವುದಿಲ್ಲ.

ಪರೀಕ್ಷೆ 2 (10:13): "ಒಂದು ಚದರ ಮೀಟರ್ ಅಂಗಳಕ್ಕೆ 1 ಮಿಮೀ ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾದರೆ 100 ಚದರ ಮೀಟರ್ ಮಾಡಿಗೆ 50 ಮಿಮೀ ಬಿದ್ದರೆ? ಅಂಕಿ ಮಾತ್ರ." 5000. ಐದು ಲೀಟರ್ ಅಂದವರು ಇದ್ದರೆ ಅವರು ಕೇಳುತ್ತಿದ್ದಾರೆ, ಲೆಕ್ಕ ತಪ್ಪಿದ್ದಾರೆ, ಚುಕ್ಕೆ ಬೇಡ.

10:15 – ಮೊದಲ ಗುಂಪು ಕೆಲಸ, 12 ನಿಮಿಷ

`Breakout Rooms`ನಲ್ಲಿ ಐದು ಕೋಣೆ. ತುಂಗಾಕ್ಕೆ 5 ಫೋನು, ಉಳಿದವಕ್ಕೆ 4. ಯಾದೃಚ್ಛಿಕವಾಗಿ ಹಂಚಬೇಡಿ, ಆಗುಂಬೆ ಕಡೆಯವರು ಕನಿಷ್ಠ ಒಬ್ಬರು, ಮಂಡಗದ್ದೆ ಕಡೆಯವರು ಕನಿಷ್ಠ ಒಬ್ಬರು ಪ್ರತಿ ಕೋಣೆಯಲ್ಲಿರಲಿ. ಒಂದೇ ಬೀದಿಯವರು ಸೇರಿದರೆ ಕ್ರಿಕೆಟ್ ಮಾತಾಗುತ್ತದೆ, ಮಳೆಯಲ್ಲೂ ವ್ಯತ್ಯಾಸ ಸಿಗುವುದಿಲ್ಲ.

ಕೋಣೆ ತೆರೆಯುವ ಮೊದಲು ಶೀಟ್ ಕೊಂಡಿಯನ್ನು ವಾಟ್ಸಾಪ್‌ನಲ್ಲೂ ಹಾಕಿಬಿಡಿ, ಒಳಗೆ ಹೋದಮೇಲೆ ಚಾಟ್ ಹುಡುಕುತ್ತಾ ಕೂರುವುದು ಬೇಡ. ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕಾದದ್ದು: "ಶೀಟ್ ತೆರೆದಾಗ ಪಾಠದ ಪರದೆ ಮರೆಯಾಗುತ್ತೆ. ದನಿ ಕೇಳ್ತಾನೇ ಇರುತ್ತೆ. ಗಾಬರಿಯಾಗಿ ಹೊರಗೆ ಹೋಗಿ ಮತ್ತೆ ಬರಬೇಡಿ." ಬರೆಯುವವರು ಒಬ್ಬರೇ, ಉಳಿದವರು ಹೇಳಬೇಕು.

ಗುಂಪಿಗೆ ಪ್ರಶ್ನೆ: ನಿಜವಾದ 28 ಸಾಲು ನೋಡಿ. ನಂಬಲಾಗದ ಅಂಕಿ ಯಾವುದು, D ಅಂಕಣ ಅದಕ್ಕೆ ಏನು ಹೇಳುತ್ತದೆ? ಉಳಿದ ಅಂಕಿಗಳಲ್ಲಿ ಆಗುಂಬೆಯಿಂದ ಮಂಡಗದ್ದೆ ಕಡೆಗೆ ಬಂದಂತೆ ಮಳೆ ಏನಾಗುತ್ತದೆ? ಎರಡೇ ಸಾಲು ಬರೆಯಿರಿ.

ನಾನು ಕೋಣೆ ಕೋಣೆ ಸುತ್ತುತ್ತೇನೆ, ಒಂದೊಂದರಲ್ಲಿ ಎರಡು ನಿಮಿಷ. ಗಮನ ಪರೀಕ್ಷೆ ಇಲ್ಲಿ ಶೀಟ್‌ನಲ್ಲೇ ಇದೆ: ಆರನೇ ನಿಮಿಷಕ್ಕೆ ಯಾವ ಗುಂಪಿನ ಪುಟ ಖಾಲಿಯೋ ಮೊದಲು ಅಲ್ಲಿಗೆ. ಒಂದೇ ದಿನದ ಮಳೆ ಉಲ್ಟಾ ಬಂದಿದ್ದರೂ ಬರಬಹುದು, ಮಂಡಗದ್ದೆಗೇ ಜಾಸ್ತಿ ಬಿದ್ದಿರಬಹುದು. ಹಾಗಾದರೆ ಅಂಕಿ ತಿದ್ದಿಸಬೇಡಿ. ಒಂದು ದಿನಕ್ಕೂ ಒಂದು ವರ್ಷಕ್ಕೂ ಇರುವ ಅಂತರ ಹೇಳಲು ಅದೇ ಒಳ್ಳೆಯ ದಾರಿ.

10:27ಕ್ಕೆ ಕೋಣೆ ಮುಚ್ಚಿ, ಮಕ್ಕಳಿಗೆ 60 ಸೆಕೆಂಡ್ ಎಣಿಕೆ ಕಾಣುತ್ತದೆ. ವಾಪಸ್ ಬಂದಮೇಲೆ ಎರಡು ಗುಂಪು ಮಾತ್ರ ಓದಲಿ. ಐದೂ ಓದಿದರೆ 40 ನಿಮಿಷ ದಾಟುತ್ತದೆ.

10:45 – ಘಟ್ಟದ ಲೆಕ್ಕ

ಇದೇ ಪಾಠದ ತಿರುಳು, ಇಲ್ಲಿ ಅವಸರ ಬೇಡ.

"ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಮೀ ಮೀರಿ ಮಳೆ. ಅಂದರೆ ಹರಿಯದೆ ನಿಂತರೆ 7 ಮೀಟರ್, ಉಪ್ಪರಿಗೆ ಮನೆ ಮುಳುಗುತ್ತೆ. ಸುಮಾರು 90 ಕಿಲೋಮೀಟರ್ ಬಸ್ಸಲ್ಲಿ ಕೂತು ಶಿವಮೊಗ್ಗಕ್ಕೆ ಬಂದರೆ ಸಾವಿರದ ಆಸುಪಾಸು. ಯಾಕೆ?" ಮಕ್ಕಳು ಎರಡು ಉತ್ತರ ಕೊಡುತ್ತಾರೆ. ಒಂದು, ಕಾಡು. ಇನ್ನೊಂದು, ಆಗುಂಬೆ ಎತ್ತರದಲ್ಲಿದೆ. ಎರಡನೆಯದನ್ನು ಹಿಡಿದುಕೊಳ್ಳಿ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್. ಶಿವಮೊಗ್ಗ? ಸುಮಾರು 570. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏಳು ಪಟ್ಟು ಮಳೆ ಬರಲು ಸಾಧ್ಯವೇ? ಎತ್ತರ ಕಾರಣವಲ್ಲ, ಏರು ಕಾರಣ. ಪಶ್ಚಿಮದ ಕಡಲ ಕಡೆಯಿಂದ, ಘಟ್ಟದ ಕೆಳಗಿನಿಂದ ಬಂದ ಗಾಳಿ ಆಗುಂಬೆ ಹೊತ್ತಿಗೆ ಆಗಷ್ಟೇ ಗೋಡೆ ಹತ್ತಿ ಮುಗಿಸಿರುತ್ತದೆ. ಶಿವಮೊಗ್ಗಕ್ಕೆ ಬರುವ ಗಾಳಿ ಹತ್ತಿ, ಸುರಿದು, ಇಳಿದದ್ದು.

ಪರೀಕ್ಷೆ 3 (10:50): ನಾನು ಬೇಕಂತಲೇ ತಪ್ಪು ಹೇಳುತ್ತೇನೆ. "ಹಾಗಾಗಿ ಪೂರ್ವದಿಂದ ಬಂದ ಗಾಳಿ ಆಗುಂಬೆ ಘಟ್ಟ ಹತ್ತುತ್ತದೆ…" ಹತ್ತು ಸೆಕೆಂಡೊಳಗೆ "ತಪ್ಪು" ಅಂತ ಟೈಪ್ ಮಾಡಿದವರು ಎಷ್ಟು? ಹಿಂದಿನ ಸಲ ಇದಕ್ಕೇ ಅತಿ ಹೆಚ್ಚು ಉತ್ತರ ಬಂದದ್ದು. ಮೇಷ್ಟ್ರ ತಪ್ಪು ಹಿಡಿಯುವ ಸುಖವೇ ಬೇರೆ.

ಆಮೇಲೆ ಎರಡು ನಿಯಮ ಪರದೆ ಮೇಲೆ. ಮೋಡವಾಗುವ ತನಕ ಮೇಲೇರುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ಮೋಡವಾದಮೇಲೆ ಸುಮಾರು 6 ಡಿಗ್ರಿ ಮಾತ್ರ, ಯಾಕೆಂದರೆ ಆವಿ ನೀರಾಗುವಾಗ ಗುಪ್ತೋಷ್ಣ ಬಿಡುಗಡೆಯಾಗುತ್ತದೆ. ಬಚ್ಚಲ ಹಂಡೆಯ ಆವಿ ಕೈಗೆ ತಾಗಿದಾಗ ಸುಡುವುದು ನೆನಪಿಸಿ, ಅಷ್ಟು ಸಾಕು.

10:57 – ಎರಡನೇ ಗುಂಪು ಕೆಲಸ, 13 ನಿಮಿಷ

ಅದೇ ಕೋಣೆ, ಅದೇ ಜನ, ಬರೆಯುವವರು ಮಾತ್ರ ಬೇರೆ. ಗುಂಪಿನ ಪುಟದಲ್ಲಿ ಪ್ರಶ್ನೆ ಹೀಗಿದೆ: ಕಡಲ ತೀರದಲ್ಲಿ ಗಾಳಿ 28 ಡಿಗ್ರಿ. 400 ಮೀಟರಿನಲ್ಲಿ ಮೋಡವಾಯಿತು. 1,000 ಮೀಟರಿನ ಗುಡ್ಡದ ನೆತ್ತಿ ದಾಟಿ, ಆಚೆ 600 ಮೀಟರಿಗೆ ಇಳಿಯಿತು. ಇಳಿಯುವಾಗ ಮತ್ತೆ ಕಿಲೋಮೀಟರಿಗೆ 10 ಡಿಗ್ರಿ ಬಿಸಿಯಾಗುತ್ತದೆ. ಏರುವಾಗ 600 ಮೀಟರಿನಲ್ಲಿ ಎಷ್ಟಿತ್ತು, ಇಳಿದಾಗ 600 ಮೀಟರಿನಲ್ಲಿ ಎಷ್ಟು?

ಮೇಡಂಗೆ ಉತ್ತರ: 400ರಲ್ಲಿ 24, ಏರುವಾಗ 600ರಲ್ಲಿ 22.8, ನೆತ್ತಿಯಲ್ಲಿ 20.4, ಇಳಿದಮೇಲೆ 600ರಲ್ಲಿ 24.4. ಅದೇ ಎತ್ತರ, 1.6 ಡಿಗ್ರಿ ಹೆಚ್ಚು ಬಿಸಿ, ನೀರು ಘಟ್ಟದಲ್ಲೇ ಬಿದ್ದುಹೋಗಿದೆ. ಮಳೆ ನೆರಳು ಅಂದರೆ ಇದು. ಇಳಿಯುವಾಗ ಉಳಿದ ಮೋಡ ಕರಗುವವರೆಗೆ ಲೆಕ್ಕ ಸ್ವಲ್ಪ ಬೇರೆ, 9ನೇ ತರಗತಿಗೆ ಅದು ಬೇಡ. ಮಕ್ಕಳು ತಪ್ಪುವ ಜಾಗ ಒಂದೇ: 600 ಮೀಟರನ್ನು 6 ಕಿಲೋಮೀಟರ್ ಅಂದುಕೊಂಡು 36 ಡಿಗ್ರಿ ಕಳೆಯುತ್ತಾರೆ, ಆಗುಂಬೆಯಲ್ಲಿ ಹಿಮ ಬೀಳುತ್ತದೆ. ಬಿದ್ದರೆ ಬೀಳಲಿ, ತಾವೇ ನಗಲಿ, ತಾವೇ ತಿದ್ದಲಿ.

ಪರೀಕ್ಷೆ 4: ಹತ್ತನೇ ನಿಮಿಷಕ್ಕೆ ಎಲ್ಲ ಕೋಣೆಗೂ ಒಟ್ಟಿಗೆ ಸಂದೇಶ: "ಬರೆಯದೆ ಇದ್ದವರು ಗುಂಪಿನ ಪುಟದ ಕೊನೆಗೆ ನಿಮ್ಮ ಕ್ರಮಸಂಖ್ಯೆ, ನೆತ್ತಿಯ ಉಷ್ಣಾಂಶ ಹಾಕಿ."

11:10 – ಮುಗಿಸುವುದು

ಚರ್ಚೆ ಐದು ನಿಮಿಷ. ಕಾಡಿನ ಪ್ರಶ್ನೆ ಮತ್ತೆ ಎದ್ದರೆ: ಕಾಡು ಮಳೆ ನೀರನ್ನು ಹಿಡಿದಿಟ್ಟು ನಿಧಾನ ಬಿಡುತ್ತದೆ, ಘಟ್ಟದ ಏರಿನ ಕೆಲಸವನ್ನು ಅದು ಮಾಡುವುದಿಲ್ಲ.

ಪರೀಕ್ಷೆ 5, ಹೊರಗೆ ಹೋಗುವ ಮುನ್ನ ಚಾಟ್‌ನಲ್ಲಿ ಒಂದು ವಾಕ್ಯ: "ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಬಿದ್ದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಆ ನೀರು ಮತ್ತೆ ನಿಮ್ಮ ಅಂಗಳದ ಡಬ್ಬಿಗೆ ಹೇಗೆ ಬರುತ್ತದೆ?" ಕಳಿಸಿದವರು ಹೊರಡಬಹುದು.

ಎರಡು ಚುಕ್ಕೆ ಬಿದ್ದವರಿಗೆ ಸಂಜೆ ಐದಕ್ಕೆ ನಾನೇ ಫೋನ್ ಮಾಡುತ್ತೇನೆ. ವೀಡಿಯೊ ಕಳಿಸಿದರೆ ಅವರ ಸಿಗ್ನಲ್‌ಗೆ ಇಳಿಯುವುದಿಲ್ಲ, ಮೂರು ನಿಮಿಷದ ಧ್ವನಿ ಸಂದೇಶವೂ ಘಟ್ಟದ ಲೆಕ್ಕದ ಒಂದು ಫೋಟೋವೂ ಸಾಕು. ಮಳೆ ಬಿಟ್ಟ ದಿನವಾದರೆ ಕೆಲವರು ತೋಟದಲ್ಲಿ ಔಷಧಿ ಹೊಡೆಯುವವರಿಗೆ ನೀರು ಹೊರುತ್ತಿರುತ್ತಾರೆ. ಅಂಥ ಮನೆಗೆ ಏಳರ ಮೇಲೆ ಮಾಡುವುದು.