ಅನಾರೋಗ್ಯ ರಜೆ ಮತ್ತು ತುರ್ತು ರಜೆ ಕುರಿತು ಮನವಿ

ಸೇಡಂ
ದಿನಾಂಕ: 02-06-2025

ಇಂದ,
ಶರಣಬಸಪ್ಪ ಎಂ.
ಸಹಾಯಕ ಎಂಜಿನಿಯರ್, ಎಲೆಕ್ಟ್ರಿಕಲ್ ನಿರ್ವಹಣೆ ವಿಭಾಗ

ಗೆ,
ವಿಭಾಗದ ಮುಖ್ಯಸ್ಥರು, ಎಲೆಕ್ಟ್ರಿಕಲ್ ನಿರ್ವಹಣೆ
ಪ್ರತಿ: ಎಚ್‌ಆರ್ ವ್ಯವಸ್ಥಾಪಕರು

ವಿಷಯ: ಜೀವಮಾನದ ಸ್ಟಿರಾಯ್ಡ್ ಔಷಧಿಯ ಕಾರಣ ಅನಾರೋಗ್ಯ ರಜೆ ಹಾಗೂ ತುರ್ತು ರಜೆಯಲ್ಲಿ ಅನುಕೂಲ ಕೋರಿ

ಮಾನ್ಯರೇ,

ಏಪ್ರಿಲ್ 22ರಂದು ನಾನು ಎಂಸಿಸಿ ಕೋಣೆಯ ಹೊರಗೆ ಕುಸಿದು ಬಿದ್ದದ್ದು ತಮಗೆ ಗೊತ್ತು. ಯಾಕೆ ಬಿದ್ದೆ ಎಂಬುದನ್ನು ಮಾತ್ರ ನಾನು ಈವರೆಗೆ ಸರಿಯಾಗಿ ಹೇಳಿರಲಿಲ್ಲ. 2023ರಲ್ಲಿ ಕೆಲಸಕ್ಕೆ ಸೇರುವಾಗ ಮೆಡಿಕಲ್ ಫಾರ್ಮಿನಲ್ಲಿ ಕಾಯಿಲೆಯ ಹೆಸರು ಬರೆದಿದ್ದೆ. ಹಾಗಂದರೆ ಏನು ಅಂತ ಯಾರೂ ಕೇಳಲಿಲ್ಲ, ಹೊಸ ಕೆಲಸ ಕೈ ತಪ್ಪೀತೆಂಬ ಭಯದಲ್ಲಿ ನಾನೂ ಬಿಡಿಸಿ ಹೇಳಲಿಲ್ಲ. ಆ ಕೆಲಸವನ್ನು ಈ ಪತ್ರದಲ್ಲಿ ಮಾಡುತ್ತಿದ್ದೇನೆ.

ನನಗಿರುವುದು ಅಡಿಸನ್ ಕಾಯಿಲೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ನನ್ನಲ್ಲಿ ಕೆಲಸ ನಿಲ್ಲಿಸಿವೆ. 2022ರ ಡಿಸೆಂಬರ್‌ನಲ್ಲಿ ಇದು ಪತ್ತೆಯಾಯಿತು. ಅದಕ್ಕೂ ಮುಂಚೆ ಆರು ತಿಂಗಳು ತೂಕ ಇಳಿಯುತ್ತಿತ್ತು, ಬೆರಳ ಗೆಣ್ಣು, ಅಂಗೈ ಗೆರೆಗಳು ಕಪ್ಪಾಗಿದ್ದವು. "ಬಿಸಿಲಾಗ ತಿರುಗಿ ತಿರುಗಿ ಕರ್ರಗ ಆಗಿದಿ" ಎನ್ನುತ್ತಿದ್ದಳು ಅವ್ವ. ಕಲಬುರಗಿ ಬಿಸಿಲನ್ನು ಯಾರು ತಾನೆ ಅನುಮಾನಿಸುತ್ತಾರೆ? ಒಸಡೂ ಕಪ್ಪಾಗಿದ್ದನ್ನು ನೋಡಿದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಬರೆದುಕೊಟ್ಟರು, ಹಾಗಾಗಿ ಉಳಿದೆ.

ಕಾರ್ಟಿಸೋಲ್ ಎಂಬ ಹಾರ್ಮೋನು ಇಲ್ಲದೆ ಮನುಷ್ಯ ಬದುಕುವುದಿಲ್ಲ. ನನ್ನ ದೇಹ ಅದನ್ನು ತಯಾರಿಸದ ಕಾರಣ ಹೈಡ್ರೊಕಾರ್ಟಿಸೋನ್ ಗುಳಿಗೆ ನುಂಗುತ್ತೇನೆ: ಎದ್ದ ಕೂಡಲೇ 10 ಮಿ.ಗ್ರಾಂ, ಮಧ್ಯಾಹ್ನ 5, ಸಂಜೆ 5. ಉಪ್ಪು, ನೀರು ಮೈಯಲ್ಲಿ ನಿಲ್ಲಲು ಫ್ಲುಡ್ರೊಕಾರ್ಟಿಸೋನ್ ಇನ್ನೊಂದು. ಸ್ಟಿರಾಯ್ಡ್ ಅಂದ ಕೂಡಲೇ ಜಿಮ್ಮಿನ ಹುಡುಗರು ನೆನಪಾಗುತ್ತಾರೆ. ನಮ್ಮ ಶಿಫ್ಟಿನವರೇ ಪ್ರೀತಿಯಿಂದ "ಬಿಟ್ಟುಬಿಡ್ರಿ ಸರ್, ಮೈ ಕೆಡ್ತದ" ಎಂದಿದ್ದಾರೆ. ನಾನು ತೆಗೆದುಕೊಳ್ಳುವುದು ಎಲ್ಲರ ದೇಹದಲ್ಲಿ ತಾನಾಗಿ ಹುಟ್ಟುವಷ್ಟನ್ನೇ. ಒಂದೆರಡು ದಿನ ಬಿಟ್ಟರೆ ಪ್ರಾಣಕ್ಕೇ ಅಪಾಯ.

ರಜೆಯ ವಿಷಯ ಶುರುವಾಗುವುದು ಇಲ್ಲಿಂದ. ನಿಮಗೆ ಜ್ವರ ಬಂದರೆ ನಿಮ್ಮ ಗ್ರಂಥಿಗಳು ಕೇಳದೆಯೇ ಹೆಚ್ಚು ಕಾರ್ಟಿಸೋಲ್ ಸುರಿಸುತ್ತವೆ. ನನ್ನಲ್ಲಿ ಆ ಕೆಲಸ ನಾನೇ ಮಾಡಬೇಕು. ಡಾಕ್ಟರ್ ಬರೆದುಕೊಟ್ಟಿರುವಂತೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಗುಳಿಗೆ ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು. ಜೊತೆಗೆ ಮಲಗಿ ವಿಶ್ರಾಂತಿ, ಉಪ್ಪು ಹಾಕಿದ ನೀರು, ಮಜ್ಜಿಗೆ. ಹೀಗೆ ಮಾಡಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕೆಲಸಕ್ಕೆ ಬರಬಹುದು. ವಾಂತಿಯಾದರೆ ಲೆಕ್ಕವೇ ಬೇರೆ, ನುಂಗಿದ ಗುಳಿಗೆ ಹೊರಗೆ ಬಂದುಬಿಡುತ್ತದೆ. ಆಗ 100 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ತೊಡೆಗೆ ಚುಚ್ಚಿ, ಕೂಡಲೇ ಆಸ್ಪತ್ರೆಗೆ ಹೋಗಿ ಸಲೈನ್ ಹಚ್ಚಿಸಿಕೊಳ್ಳಬೇಕು. ತಡವಾದರೆ ಬಿಪಿ ಕುಸಿಯುತ್ತದೆ, ಸಕ್ಕರೆ ಇಳಿಯುತ್ತದೆ, ಮಾತು ತೊದಲುತ್ತದೆ. ಆ ಹೊತ್ತಿಗೆ ನನಗೆ ಏನು ಬೇಕೆಂದು ಹೇಳುವ ಸ್ಥಿತಿಯಲ್ಲಿ ನಾನೇ ಇರುವುದಿಲ್ಲ.

ಏಪ್ರಿಲ್ 22ರಂದು ಆದದ್ದು ಇದೇ. ಹಿಂದಿನ ದಿನ ಊರ ಜಾತ್ರೆಯ ಊಟ ಮಾಡಿ ರಾತ್ರಿಯೆಲ್ಲ ಭೇದಿಯಾಗಿತ್ತು. ಬೆಳಗ್ಗೆ ನುಂಗಿದ ಗುಳಿಗೆ ವಾಂತಿಯಲ್ಲಿ ಹೋಯಿತು. ಮನೆಯಲ್ಲಿ ಇರಬೇಕಿತ್ತು. ಆದರೆ ಮಾರ್ಚ್‌ನಲ್ಲಿ ಜ್ವರಕ್ಕೆಂದು ಹಾಕಿದ ಒಂದು ದಿನದ ರಜೆ "ಪೂರ್ವಾನುಮತಿ ಇಲ್ಲ" ಎಂದು ದಾಖಲಾಗಿ, ಇನ್ನೊಮ್ಮೆ ಹೀಗಾದರೆ ನೋಟಿಸ್ ಎಂದು ನನಗೆ ಹೇಳಲಾಗಿತ್ತು. ಅದಕ್ಕೆ ಹೆದರಿ ಬಸ್ಸು ಹತ್ತಿದೆ. ಹತ್ತೂವರೆಗೆ ತಲೆ ತಿರುಗಿ ಗೇಟ್‌ಪಾಸ್ ಕೇಳಿದೆ. ಸಹಿ ಮಾಡಬೇಕಾದವರು ಮೀಟಿಂಗಿನಲ್ಲಿದ್ದರು. ಬೆಂಚಿನ ಮೇಲೆ ನಲವತ್ತು ನಿಮಿಷ ಕೂತೆ. ನೀರಿಗೆಂದು ಎದ್ದಾಗ ಬಿದ್ದೆ. ಆಸ್ಪತ್ರೆಯಲ್ಲಿ ಬರೀ ಭೇದಿಯೆಂದು ಸಲೈನ್ ಶುರು ಮಾಡಿದ್ದರು. ನನ್ನ ತಮ್ಮ ಬಂದು ಫೈಲು ತೋರಿಸಿದ ಮೇಲೆಯೇ ಇಂಜೆಕ್ಷನ್ ಬಿತ್ತು. ಐಸಿಯುದಲ್ಲಿ ಎರಡು ದಿನ, ಒಟ್ಟು ಒಂಬತ್ತು ದಿನ ಕೆಲಸಕ್ಕಿಲ್ಲ.

ಇದರಲ್ಲಿ ಯಾರ ಮೇಲೂ ದೂರು ಹೊರಿಸುತ್ತಿಲ್ಲ. ಸಹಿ ಮಾಡಬೇಕಿದ್ದವರಿಗೆ ನನ್ನ ಕಾಯಿಲೆ ಗೊತ್ತೇ ಇರಲಿಲ್ಲ. ಲೆಕ್ಕ ಮಾತ್ರ ನೋಡಿ ಎನ್ನುತ್ತೇನೆ. ಕಳೆದ ಹನ್ನೆರಡು ತಿಂಗಳಲ್ಲಿ ನಾನು ಅನಾರೋಗ್ಯಕ್ಕೆಂದು ತೆಗೆದುಕೊಂಡ ರಜೆ 14 ದಿನ. ಒಂಬತ್ತು ಏಪ್ರಿಲ್‌ನ ಈ ಒಂದೇ ಸಲದ್ದು. ಉಳಿದ ಐದು ದಿನಗಳಲ್ಲಿ ನಾಲ್ಕು ಸಲ ಜ್ವರ ಬಂದು ಹೋಯಿತು. ಆ ನಾಲ್ಕೂ ಸಲ ನಾನು ಮೊದಲ ದಿನವೇ ಮನೆಯಲ್ಲಿ ಉಳಿದಿದ್ದೆ. ಏಪ್ರಿಲ್ 22ರಂದು ಉಳಿಯಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಜ್ವರ ಅಥವಾ ವಾಂತಿ ಶುರುವಾದ ದಿನ ನಾನು ಶಿಫ್ಟ್ ಇನ್‌ಚಾರ್ಜ್‌ಗೆ ಫೋನ್ ಅಥವಾ ಮೆಸೇಜ್ ಮಾಡಿದರೆ ಅದನ್ನೇ ರಜೆ ಅರ್ಜಿ ಎಂದು ಒಪ್ಪಿಕೊಳ್ಳಬೇಕು. ಡಾಕ್ಟರ್ ಚೀಟಿ ಮೂರು ದಿನದೊಳಗೆ ಕೊಡುತ್ತೇನೆ. ಕಾರ್ಖಾನೆಯೊಳಗೇ ಹೀಗಾದರೆ ಗೇಟ್‌ಪಾಸಿಗೆ ಕಾಯಿಸದೆ ಹೊರಗೆ ಬಿಡಬೇಕು, ಕಾಗದಪತ್ರ ಆಮೇಲೆ ಮಾಡೋಣ. ಈ ರಜೆಗಳನ್ನು ಹಾಜರಾತಿ ಎಚ್ಚರಿಕೆಗೆ ಎಣಿಸಬಾರದು. ರಜೆ ಖಾತೆ ಮುಗಿದರೆ ಸಂಬಳ ಕಡಿತವಾಗಲಿ, ಅದಕ್ಕೆ ನನ್ನ ತಕರಾರಿಲ್ಲ.

ಇನ್ನೊಂದು ಮಾತು, ನನಗೆ ರಜೆಗಿಂತಲೂ ಇದೇ ಮುಖ್ಯ. ಇಂಜೆಕ್ಷನ್ ಪುಡಿಯ ಬಾಟಲು, ಬೆರೆಸುವ ನೀರು, ಸಿರಿಂಜು ಇರುವ ಡಬ್ಬಿಯೊಂದನ್ನು ನನ್ನ ಖರ್ಚಿನಲ್ಲೇ ಪ್ರಥಮ ಚಿಕಿತ್ಸಾ ಕೊಠಡಿಯಲ್ಲಿ ಇಡಲು ಅನುಮತಿ ಕೊಡಿ. ಅಲ್ಲಿನ ನರ್ಸ್ ಹಾಗೂ ನಮ್ಮ ಶಿಫ್ಟಿನ ಇಬ್ಬರಿಗೆ ಅದನ್ನು ಕೊಡುವುದನ್ನು ನನ್ನ ಡಾಕ್ಟರ್ ಕಲಿಸಲು ಒಪ್ಪಿದ್ದಾರೆ. ಅನುಮಾನವಿದ್ದಾಗ ಚುಚ್ಚಿಬಿಡುವುದೇ ಒಳ್ಳೆಯದು. ಬೇಕಿಲ್ಲದಿದ್ದರೂ ಒಂದು ಡೋಸಿನಿಂದ ನನಗೆ ಕೆಡುಕಿಲ್ಲ, ಬೇಕಿದ್ದಾಗ ಕೊಡದಿದ್ದರೆ ಪ್ರಾಣ ಹೋದೀತು. ಕಲಬುರಗಿಯ ಆಸ್ಪತ್ರೆ ತಲುಪಲು ಇಲ್ಲಿಂದ ಒಂದು ಗಂಟೆಯ ಮೇಲೆ ಬೇಕು. ಆ ಒಂದು ಗಂಟೆಗಾಗಿಯೇ ಈ ಡಬ್ಬಿ.

ನೈಟ್ ಶಿಫ್ಟ್ ಬೇಡ ಎನ್ನುತ್ತಿಲ್ಲ. ಗುಳಿಗೆಯ ಹೊತ್ತು ಎದ್ದೇಳುವ ಹೊತ್ತನ್ನು ಅನುಸರಿಸುವುದರಿಂದ, ಶಿಫ್ಟ್ ಬದಲಾಗುವುದನ್ನು ಒಂದು ದಿನ ಮೊದಲೇ ತಿಳಿಸಿದರೆ ಸಾಕು. ಕಿಲ್ನ್ ಹತ್ತಿರದ ಕೆಲಸದಿಂದಲೂ ನನ್ನನ್ನು ತೆಗೆಯಬೇಡಿ. ಬೇಸಿಗೆಯಲ್ಲಿ ಉಪ್ಪಿನ ನೀರಿನ ಬಾಟಲು ಜೊತೆಗಿಟ್ಟುಕೊಳ್ಳಲು ಬಿಡಿ. ಕಳೆದ ಶಟ್‌ಡೌನ್‌ನಲ್ಲಿ ಎಲ್ಲರಂತೆ ನಾನೂ ಹದಿನಾಲ್ಕು ದಿನ ಬಿಡದೆ ಕೆಲಸ ಮಾಡಿದ್ದೇನೆ. ಮೋಟಾರು, ಪ್ಯಾನೆಲ್‌ಗಳ ಕೆಲಸ ನನಗೆ ಇಷ್ಟ. ಇದರಲ್ಲೇ ಮುಂದುವರಿಯಬೇಕೆಂಬ ಆಸೆ ಇದೆ.

ಕಾಯಿಲೆಯ ವಿವರ ನನ್ನ ಶಿಫ್ಟಿನವರಿಗೂ ಪ್ರಥಮ ಚಿಕಿತ್ಸಾ ಕೊಠಡಿಗೂ ತಿಳಿದಿರಲಿ. ಅದರಾಚೆ ಹೋಗದಂತೆ ದಯವಿಟ್ಟು ನೋಡಿಕೊಳ್ಳಿ.

ಇದೇ ಗುರುವಾರ, 5ರಂದು, ಜನರಲ್ ಶಿಫ್ಟಿನಲ್ಲಿರುತ್ತೇನೆ. ತಾವು ಹದಿನೈದು ನಿಮಿಷ ಸಮಯ ಕೊಟ್ಟರೆ ಡಬ್ಬಿಯನ್ನು ತಂದು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ಶರಣಬಸಪ್ಪ ಎಂ.

ಲಗತ್ತು: ಡಾಕ್ಟರ್ ಪತ್ರ, ಏಪ್ರಿಲ್‌ನ ಡಿಸ್ಚಾರ್ಜ್ ಸಾರಾಂಶ, ನಾನು ಜೇಬಿನಲ್ಲಿಟ್ಟುಕೊಳ್ಳುವ ತುರ್ತು ಕಾರ್ಡಿನ ಪ್ರತಿ