ಓದಿ ಉತ್ತರಿಸಿ: ಶಾಲಾ ಕ್ರೀಡಾಕೂಟದ ಪತ್ರಿಕಾ ವರದಿ

ತರಗತಿ: 9 | ವಿಷಯ: ಪ್ರಥಮ ಭಾಷೆ ಕನ್ನಡ | ಸಮಯ: 40 ನಿಮಿಷ | ಅಂಕಗಳು: 20

ಕೆಳಗಿನ ವರದಿಯನ್ನು ಎರಡು ಸಲ ಓದಿ. ಮೊದಲನೇ ಸಲ ಏನೇನಾಯಿತು ಎಂದು ನೋಡಿ. ಎರಡನೇ ಸಲ ಬರೆದವರು ಮೈದಾನದ ಯಾವ ಬದಿಯಲ್ಲಿ ನಿಂತು ನೋಡಿದ್ದಾರೆ ಎಂದು ಹುಡುಕಿ. ಶಾಲೆಯೂ ಘಟನೆಯೂ ಅಭ್ಯಾಸಕ್ಕಾಗಿ ಕಲ್ಪಿಸಿದವು; ಹೆಸರುಗಳನ್ನು ಬೇಕೆಂದೇ ಬಿಡಲಾಗಿದೆ. ಒಂದು ಮಾತು ನೆನಪಿರಲಿ: ಪತ್ರಿಕೆಗಳಲ್ಲಿ ತಲೆಬರಹ ಕೊಡುವವರು ಸಾಮಾನ್ಯವಾಗಿ ವರದಿಗಾರರಲ್ಲ, ಕಚೇರಿಯಲ್ಲಿ ಕೂತ ಉಪಸಂಪಾದಕರು.

ಸರ್ಕಾರಿ ಪ್ರೌಢಶಾಲೆಯಲ್ಲಿ ಅದ್ದೂರಿ ವಾರ್ಷಿಕ ಕ್ರೀಡಾಕೂಟ

(ನಮ್ಮ ಪ್ರತಿನಿಧಿಯಿಂದ)

ಪಟ್ಟಣದ ಸರ್ಕಾರಿ ಪ್ರೌಢಶಾಲೆಯ ವಾರ್ಷಿಕ ಕ್ರೀಡಾಕೂಟ ಶನಿವಾರ ನಡೆಯಿತು. ತುಂಗಾ, ಕಾವೇರಿ, ಶರಾವತಿ, ಭೀಮಾ ಎಂಬ ನಾಲ್ಕು ತಂಡಗಳಲ್ಲಿ 312 ವಿದ್ಯಾರ್ಥಿಗಳು ಪಾಲ್ಗೊಂಡರು.

ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ 9 ಗಂಟೆಗೆ ಧ್ವಜಾರೋಹಣ ಎಂದಿತ್ತು. ಮಕ್ಕಳು ಎಂಟೂವರೆಗೇ ಸಮವಸ್ತ್ರ ತೊಟ್ಟು ಸಾಲಾಗಿ ನಿಂತಿದ್ದರು. ಮುಖ್ಯ ಅತಿಥಿಗಳ ಕಾರು ಅಂತೂ 10.40ಕ್ಕೆ ಗೇಟು ದಾಟಿತು. ಧ್ವಜಾರೋಹಣ, ಪಥಸಂಚಲನ, ಕ್ರೀಡಾಜ್ಯೋತಿ, ಪ್ರತಿಜ್ಞಾವಿಧಿ ಹತ್ತೇ ನಿಮಿಷದಲ್ಲಿ ಮುಗಿದವು. ಬಳಿಕ ಐವರು ಗಣ್ಯರು ಕ್ರೀಡೆಯಿಂದ ಆರೋಗ್ಯ ಎಂಬ ಒಂದೇ ವಿಷಯದ ಮೇಲೆ 45 ನಿಮಿಷ ಮಾತನಾಡಿದರು. ಶಾಮಿಯಾನ ವೇದಿಕೆಗೆ ಮಾತ್ರ ಇತ್ತು. ಮಕ್ಕಳ ಪಾಲಿಗೆ ಮೈದಾನದಂಚಿನ ಎರಡು ಹೊಂಗೆ ಮರಗಳು. ಸಾಲಿನಲ್ಲಿ ನಿಂತಿದ್ದ ಎಂಟನೇ ತರಗತಿಯ ಇಬ್ಬರು ತಲೆಸುತ್ತಿ ಕುಸಿದರು. ಅವರನ್ನು ಮರದ ನೆರಳಿಗೆ ಒಯ್ದು ನೀರು ಕುಡಿಸಲಾಯಿತು.

ಮೊದಲ ಓಟಕ್ಕೆ ಸೀಟಿ ಬಿದ್ದಾಗ ಗಂಟೆ 11.40. ಅಷ್ಟರಲ್ಲಿ 200 ಮೀಟರ್ ಸುತ್ತಳತೆಯ ಟ್ರ್ಯಾಕಿಗೆ ಹಿಂದಿನ ಸಂಜೆ ಎಳೆದ ಸುಣ್ಣದ ಗೆರೆಗಳು ಅರ್ಧ ಅಳಿಸಿದ್ದವು. ದೈಹಿಕ ಶಿಕ್ಷಣ ಶಿಕ್ಷಕರು ತಾವೇ ಪುಡಿ ಹಿಡಿದು ಮತ್ತೊಮ್ಮೆ ಎಳೆದರು. ಸಮಯ ಸಾಲದೆ 1500 ಮೀಟರ್ ಓಟ ಕೈಬಿಡಲಾಯಿತು. ಅದಕ್ಕಾಗಿ ಎರಡು ತಿಂಗಳು ನಸುಕಿನಲ್ಲಿ ಕೆರೆ ಏರಿಯ ಮೇಲೆ ಓಡಿ ತಯಾರಾಗಿದ್ದ ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ಬೂಟು ಬಿಚ್ಚದೆ ಊಟದ ಹೊತ್ತಿನವರೆಗೂ ಕಟ್ಟೆಯ ಮೇಲೆ ಕೂತಿದ್ದ.

ಮಧ್ಯಾಹ್ನದ ಬಾಲಕಿಯರ ಖೋ ಖೋ ಫೈನಲ್ ಮಾತ್ರ ಎಲ್ಲ ಬೇಸರವನ್ನೂ ಮರೆಸಿತು. ಆಗ ಅಂಕಪಟ್ಟಿಯಲ್ಲಿ ಕಾವೇರಿ 58, ತುಂಗಾ 54. ಖೋ ಖೋ ಗೆದ್ದವರಿಗೆ 10 ಅಂಕ, ಸೋತವರಿಗೆ 5. ಮೊದಲು ಅಟ್ಟಿದ ತುಂಗಾ ತಂಡ ಏಳು ನಿಮಿಷಗಳಲ್ಲಿ 9 ಮಂದಿಯನ್ನು ಔಟ್ ಮಾಡಿತು. ಕಾವೇರಿಯ ಸರದಿಯಲ್ಲಿ 7 ಮಂದಿ ಔಟಾಗುವಷ್ಟರಲ್ಲಿ ಎರಡು ನಿಮಿಷ ಉಳಿದಿತ್ತು. ಅಂಕಣದಲ್ಲಿ ತುಂಗಾದ ಇಬ್ಬರೇ ಇದ್ದರು. ಅವರಲ್ಲೊಬ್ಬಳು ಬರಿಗಾಲಿನವಳು, ಹೆಬ್ಬೆರಳಿಗೆ ಕರ್ಚೀಫು ಸುತ್ತಿದ್ದಳು. ಅಟ್ಟುವವರು ಕೂತವರ ನಡುವೆ ನುಸುಳುವಂತಿಲ್ಲ, ಹಿಂದಕ್ಕೆ ತಿರುಗುವಂತೆಯೂ ಇಲ್ಲ. ಅದನ್ನೇ ಹಿಡಿದು ಆಕೆ ಈ ಬದಿಯಿಂದ ಆ ಬದಿಗೆ ನುಸುಳುತ್ತ, ಕಂಬ ಬಳಸುತ್ತ, ಕೊನೆಯ ಸೀಟಿಯವರೆಗೂ ಸಿಗಲೇ ಇಲ್ಲ. ‘ಬೂಟು ಹಾಕಿದ್ರೆ ಕಾಲು ಭಾರ ಆಗ್ತದೆ ಸರ್, ಬರಿಗಾಲೇ ಸಲೀಸು’ ಎಂದು ಆಟದ ಬಳಿಕ ಏದುಸಿರಿನಲ್ಲೇ ಹೇಳಿದಳು.

ಬಹುಮಾನ ವಿತರಣೆಯ ಹೊತ್ತಿಗೆ ಗಣ್ಯರಲ್ಲಿ ಯಾರೂ ಇರಲಿಲ್ಲ. ಸಮಗ್ರ ಪ್ರಶಸ್ತಿಯ ಪಾರಿತೋಷಕವನ್ನು ಬಿಸಿಯೂಟದ ಮುಖ್ಯ ಅಡುಗೆಯವರ ಕೈಯಿಂದ ಕೊಡಿಸಲಾಯಿತು. ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆಗಲೇ.

‘ಅತಿಥಿಗಳನ್ನು ಬಿಟ್ಟು ಶುರು ಮಾಡುವಂತಿರಲಿಲ್ಲ. ಅವರು ಕೊಡಿಸಿದ ಹಣದಿಂದಲೇ ಕ್ರೀಡಾ ಸಾಮಗ್ರಿ ಬಂದಿದೆ’ ಎಂದು ಮುಖ್ಯ ಶಿಕ್ಷಕಿ ಪ್ರತಿಕ್ರಿಯಿಸಿದರು.

ಅ) ವರದಿಯಲ್ಲಿರುವ ಸಂಗತಿಗಳು (ತಲಾ 1 ಅಂಕ)

1. ನಿಗದಿಯಾಗಿದ್ದ ಧ್ವಜಾರೋಹಣದ ಸಮಯದಿಂದ ಮೊದಲ ಓಟದವರೆಗೆ ಎಷ್ಟು ಹೊತ್ತು ಕಳೆಯಿತು?
2. ಈ ಟ್ರ್ಯಾಕಿನಲ್ಲಿ 1500 ಮೀಟರ್ ಓಡಬೇಕಾದರೆ ಎಷ್ಟು ಸುತ್ತು ಬೇಕಿತ್ತು?
3. ಆ ಓಟವನ್ನು ಕೈಬಿಡಲು ವರದಿ ಕೊಡುವ ಕಾರಣವೇನು?
4. ಸಮಗ್ರ ಪ್ರಶಸ್ತಿ ಯಾವ ತಂಡಕ್ಕೆ ಸಿಕ್ಕಿರಬೇಕು? ಎಷ್ಟು ಅಂಕಗಳ ಅಂತರದಲ್ಲಿ? (ವರದಿಯಲ್ಲಿ ನೇರವಾಗಿ ಹೇಳಿಲ್ಲ. ಆ ಎರಡು ತಂಡಗಳಿಗೇ ಪೈಪೋಟಿ ಇತ್ತೆಂದು, ಖೋ ಖೋ ಕೊನೆಯ ಸ್ಪರ್ಧೆಯೆಂದು ಇಟ್ಟುಕೊಳ್ಳಿ.)
5. ಬರಿಗಾಲಿನ ಆಟಗಾರ್ತಿ ಖೋ ಖೋದ ಯಾವ ನಿಯಮವನ್ನು ತನ್ನ ಅನುಕೂಲಕ್ಕೆ ಬಳಸಿಕೊಂಡಳು?
6. ‘ಪಾರಿತೋಷಕ’ ಎಂದರೇನು? ನಿಮ್ಮ ಮನೆಯಲ್ಲಿ ಅದಕ್ಕೆ ಯಾವ ಮಾತು ಬಳಸುತ್ತಾರೆ?

ಆ) ತಲೆಬರಹ (ತಲಾ 2 ಅಂಕ)

7. ‘ಅದ್ದೂರಿ’ ಎಂಬ ಪದವನ್ನು ಒಪ್ಪುವ ಒಂದಾದರೂ ವಾಕ್ಯ ವರದಿಯಲ್ಲಿದೆಯೇ? ಇದ್ದರೆ ಬರೆಯಿರಿ. ಇಲ್ಲದಿದ್ದರೆ ಆ ಪದ ಎಲ್ಲಿಂದ ಬಂದಿರಬಹುದು?
8. ಎಂಟು ಪದ ಮೀರದ ಹೊಸ ತಲೆಬರಹ ಕೊಡಿ. ಅದರಲ್ಲಿ ಕ್ರಿಯಾಪದ ಇರಬೇಕು, ಹೊಗಳಿಕೆಯ ವಿಶೇಷಣ ಇರಬಾರದು.
9. ಇದೇ ವರದಿಗೆ ಮುಖ್ಯ ಅತಿಥಿಗಳ ಕಡೆಯವರು ತಲೆಬರಹ ಕೊಟ್ಟರೆ ಹೇಗಿರುತ್ತದೆ? ಬರಿಗಾಲಿನ ಹುಡುಗಿಯ ಅಮ್ಮ ಕೊಟ್ಟರೆ? ಎರಡನ್ನೂ ಬರೆಯಿರಿ.

ಇ) ವರದಿಗಾರರ ನಿಲುವು

10. ‘ಮುಖ್ಯ ಅತಿಥಿಗಳ ಕಾರು ಅಂತೂ 10.40ಕ್ಕೆ ಗೇಟು ದಾಟಿತು.’ ಈ ವಾಕ್ಯದಿಂದ ಒಂದು ಪದ ತೆಗೆದರೆ ಬರೀ ಸಂಗತಿ ಉಳಿಯುತ್ತದೆ. ಯಾವ ಪದ? ಅದು ಇದ್ದಾಗ ಓದುಗರಿಗೆ ಏನು ಅನ್ನಿಸುತ್ತದೆ? (2)
11. ಭಾಷಣಗಳನ್ನು ವರದಿಗಾರರು ಎಲ್ಲಿಯೂ ‘ಬೇಸರ ತರಿಸಿದವು’ ಎಂದಿಲ್ಲ. ಆದರೂ ಹಾಗನ್ನಿಸುವಂತೆ ಯಾವ ವಿವರಗಳನ್ನು ಆಯ್ದು, ಯಾವ ಕ್ರಮದಲ್ಲಿ ಜೋಡಿಸಿದ್ದಾರೆ? (3)
12. ಮುಖ್ಯ ಶಿಕ್ಷಕಿಯ ಮಾತು ಕಟ್ಟಕಡೆಯಲ್ಲಿದೆ. ಅದನ್ನು ಎರಡನೇ ಪ್ಯಾರಾದ ಕೊನೆಗೆ ತಂದು ಮತ್ತೊಮ್ಮೆ ಓದಿ. ನಿಮ್ಮ ಅಭಿಪ್ರಾಯ ಬದಲಾಯಿತೇ? ವರದಿಗಾರರು ಆಕೆಗೆ ನ್ಯಾಯ ಒದಗಿಸಿದ್ದಾರೆಯೇ? (3)

ಶಿಕ್ಷಕರಿಗೆ

ಉತ್ತರಗಳು: 1) 2 ಗಂಟೆ 40 ನಿಮಿಷ. ಮಕ್ಕಳು ಬಂದ ಎಂಟೂವರೆಯಿಂದ ಲೆಕ್ಕ ಹಾಕಿ 3 ಗಂಟೆ 10 ನಿಮಿಷ ಎನ್ನುವವರು ಪ್ರಶ್ನೆಯನ್ನು ಸರಿಯಾಗಿ ಓದಿಲ್ಲ, ವರದಿಯನ್ನು ಓದಿದ್ದಾರೆ. ಅರ್ಧ ಅಂಕ ಕೊಡಿ. 2) ಏಳೂವರೆ ಸುತ್ತು. 3) ಸಮಯ ಸಾಲದ್ದು. ‘ಭಾಷಣ ಉದ್ದವಾದ್ದರಿಂದ’ ಎಂದು ಬಹಳ ಮಂದಿ ಬರೆಯುತ್ತಾರೆ. ಅದು ವರದಿಯ ಮಾತಲ್ಲ, ವರದಿ ನಮ್ಮಿಂದ ಹೇಳಿಸುವ ಮಾತು. ಈ ತಪ್ಪನ್ನು ಹಾಗೇ ಎತ್ತಿಟ್ಟುಕೊಂಡು 11ನೇ ಪ್ರಶ್ನೆಯ ಚರ್ಚೆಯಲ್ಲಿ ಬಳಸಿ. 4) ತುಂಗಾ 64, ಕಾವೇರಿ 63; ಅಂತರ ಒಂದು ಅಂಕ. 5) ಅಟ್ಟುವವರು ನಡುವೆ ನುಸುಳುವಂತಿಲ್ಲ, ಹಿಂದೆ ತಿರುಗುವಂತಿಲ್ಲ. 6) ಬಹುಮಾನದ ವಸ್ತು; ‘ಕಪ್ಪು’, ‘ಶೀಲ್ಡು’ ಯಾವುದನ್ನೂ ಒಪ್ಪಿ.

10ಕ್ಕೆ ಉತ್ತರ ‘ಅಂತೂ’. 11ಕ್ಕೆ ‘ಐವರು’, ‘ಒಂದೇ ವಿಷಯ’, ‘45 ನಿಮಿಷ’, ಅದರ ಬೆನ್ನಿಗೇ ಶಾಮಿಯಾನ, ಆಮೇಲೆ ಕುಸಿದ ಇಬ್ಬರು ಮಕ್ಕಳು ಬರಬೇಕು. ಆರೋಗ್ಯದ ಭಾಷಣ ಕೇಳುತ್ತ ತಲೆಸುತ್ತಿತು ಎಂಬ ವ್ಯಂಗ್ಯವನ್ನು ತಾನಾಗಿ ಹಿಡಿದ ವಿದ್ಯಾರ್ಥಿಗೆ ಪೂರ್ಣ ಅಂಕ. 12ಕ್ಕೆ ಸರಿ-ತಪ್ಪು ಇಲ್ಲ, ಕಾರಣ ನೋಡಿ. ‘ಹಣ ಕೊಟ್ಟವರಿಗೆ ಕಾಯಬೇಕು’ ಎನ್ನುವ ಮಕ್ಕಳೂ ಇರುತ್ತಾರೆ. ಅವರ ವಾದ ಗಟ್ಟಿಯಿದ್ದರೆ ಅಂಕ ಕಡಿಯಬೇಡಿ.